ಎಲ್ಲ ‘ತೀನಿ’ಗೂ ‘ಸ’ ಅಂಟಿಸಬೇಡಿ

ದೋಹಾಕ್ಕೆ ಬಂದು ಅರಬ್ಬಿ ಕಲಿಯುವ ನಮ್ಮವರಲ್ಲಿ ಒಂದು ಅಭ್ಯಾಸ ನೋಡಿದ್ದೇನೆ. ಕ್ರಿಯಾಪದದ ಶುರುವಿಗೆ ‘ಸ’ ಸೇರಿಸಿದರೆ ಭವಿಷ್ಯತ್ತು ಎಂದು ತಿಳಿದ ದಿನದಿಂದ ಕಂಡಕಂಡಲ್ಲಿ ಅದನ್ನು ಅಂಟಿಸುತ್ತಾರೆ. ತಪ್ಪು ಅವರದಲ್ಲ. ಕನ್ನಡದ ‘ಕುಡೀತೀನಿ’ ದಿನನಿತ್ಯದ ರೂಢಿಗೂ ಸರಿ, ನಾಳೆಯ ಮಾತಿಗೂ ಸರಿ. ಯಾವುದು ಎಂದು ‘ದಿನಾ’, ‘ನಾಳೆ’ ಎಂಬ ಮಾತುಗಳೇ ಹೇಳಿಬಿಡುತ್ತವೆ.

ಅರಬ್ಬಿಯ ‘ಅಶ್ರಬು’ ಕೂಡ ಹಾಗೆಯೇ. ‘ಅಶ್ರಬುಲ್ ಖಹ್ವತ ಕುಲ್ಲ ಸಬಾಹ್’ ಎಂದರೆ ದಿನಾ ಬೆಳಿಗ್ಗೆ ಕಾಫಿ ಕುಡೀತೀನಿ. ಇಲ್ಲಿ ‘ಸ’ ಬೇಕಿಲ್ಲ. ‘ಸಅಶ್ರಬು’ ಅಂದಿರೋ, ಕೇಳಿದವರಿಗೆ ‘ಇನ್ನು ಮೇಲೆ ದಿನಾ ಕುಡೀತೀನಿ’ ಎಂದು ಪಣ ತೊಟ್ಟಂತೆ ಕೇಳಿಸುತ್ತದೆ. ಹಿಂದಿನ ರೂಢಿಗೆ ‘ಕುನ್ತು ಅಶ್ರಬು’, ನಮ್ಮ ‘ಕುಡೀತಿದ್ದೆ’. ಇನ್ನೂ ಮನಸ್ಸಿನಲ್ಲಷ್ಟೇ ಇರುವ ‘ಕುಡೀಬೇಕು ಅಂತಿದ್ದೀನಿ’ಗೆ ‘ಅನ್‌ವೀ ಅನ್ ಅಶ್ರಬ’. ‘ಅನ್’ ಬಂದ ಕೂಡಲೇ ಕೊನೆಯ ಉಕಾರ ಅಕಾರವಾಗುತ್ತದೆ.

ಭವಿಷ್ಯತ್ತಿಗೆ ‘ಸೌಫ’ ಎಂಬ ಇನ್ನೊಂದು ಮಾತೂ ಇದೆ. ‘ಸ’ ಹತ್ತಿರದ ಭವಿಷ್ಯಕ್ಕೆ, ‘ಸೌಫ’ ದೂರದ್ದಕ್ಕೆ ಎಂದು ಬಸ್ರಾದ ಹಳೆಯ ವ್ಯಾಕರಣಕಾರರು ಹೇಳಿದ್ದನ್ನು ಮೇಷ್ಟ್ರುಗಳು ಇಂದಿಗೂ ಹೇಳಿಕೊಡುತ್ತಾರೆ. ನನಗೆ ಅದು ಅಷ್ಟು ಒಪ್ಪಿಗೆಯಿಲ್ಲ. ಕುರಾನಿನ 78ನೇ ಅಧ್ಯಾಯದಲ್ಲಿ ‘ಸಯಅಲಮೂನ’ (ಅವರಿಗೆ ತಿಳಿಯುತ್ತದೆ) ಎಂದಿದ್ದರೆ, 102ನೆಯದರಲ್ಲಿ ‘ಸೌಫ ತಅಲಮೂನ’ (ನಿಮಗೆ ತಿಳಿಯುತ್ತದೆ) ಎಂದಿದೆ. ಧಾತು ಒಂದೇ, ಎಚ್ಚರಿಕೆಯೂ ಒಂದೇ ಬಗೆಯದು. ಈಗಿನ ಬರಹದಲ್ಲಂತೂ ‘ಸೌಫ’ಕ್ಕೆ ತುಸು ಗತ್ತು ಜಾಸ್ತಿ, ಅಷ್ಟೇ.

ನಿಜವಾದ ಗೊಂದಲ ಇರುವುದು ಬೀದಿಯಲ್ಲಿ. ಅಲ್ಲಿ ‘ಸ’ವೂ ಇಲ್ಲ, ‘ಸೌಫ’ವೂ ಇಲ್ಲ. ಗಲ್ಫಿನವರು ‘ಬಶ್ರಬ್’ ಅಂದರೆ ಈಗ ಅಥವಾ ಆಮೇಲೆ ಕುಡಿಯುವವರು. ಈ ‘ಬ’ ‘ಬೇಕು’ ಎಂಬರ್ಥದ ‘ಅಬ್ಗಾ’ದಿಂದ ಸವೆದು ಬಂದದ್ದು ಎನ್ನುತ್ತಾರೆ. ಹಾಗಾಗಿ ಇಚ್ಛೆಯೇ ಇಲ್ಲಿ ಭವಿಷ್ಯವಾಗಿದೆ. ಆದರೆ ಪಕ್ಕದ ಮೇಜಿನ ಈಜಿಪ್ಟಿನವರು ಅದೇ ‘ಬಶ್ರಬ್’ ಅಂದರೆ ‘ನನಗೆ ಕುಡಿಯೋ ರೂಢಿ ಇದೆ’ ಅಥವಾ ‘ಕುಡೀತಾ ಇದ್ದೀನಿ’ ಎಂದರ್ಥ. ಅವರ ಭವಿಷ್ಯತ್ತು ‘ಹಶ್ರಬ್’. ಸಿಗರೇಟು ಕುಡಿಯುವುದಕ್ಕೂ ಇದೇ ಧಾತು ಬಳಸುತ್ತಾರೆ. ಈಜಿಪ್ಟಿನವರು ‘ಬಶ್ರಬ್ ಸಗಾಯಿರ್’ ಎಂದಾಗ ಗಲ್ಫ್ ಮಾತಿನ ಲೆಕ್ಕದಲ್ಲಿ ಕೇಳಿ, ಈಗ ಸೇದೋಕೆ ಹೊರಟರು ಅಂದುಕೊಂಡು ಬಾಗಿಲು ತೆರೆದು ನಿಂತೀರಿ! ಮಾತಾಡುತ್ತಿರುವವರು ಎಲ್ಲಿಯವರು ಎಂದು ಮೊದಲು ತಿಳಿಯಬೇಕು.

ಪತ್ರ ಬರೆಯುವವರಿಗೆ ಇನ್ನೊಂದು ಮಾತು. ‘ನಾಳೆ ಕುಡಿಯುವುದಿಲ್ಲ’ ಎನ್ನಲು ‘ಸ’ದ ಪಕ್ಕ ‘ಇಲ್ಲ’ ಎಂಬರ್ಥದ ‘ಲಾ’ ಸೇರಿಸಬಾರದು. ‘ಸೌಫ ಲಾ’ ಅಲ್ಲಲ್ಲಿ ಕಂಡರೂ ಶಿಷ್ಟ ರೂಪ ‘ಲನ್ ಅಶ್ರಬ’. ಒಂದು ‘ಲನ್’ ಬಂತೆಂದರೆ ‘ಸ’, ‘ಸೌಫ’ ಎರಡೂ ಜಾಗ ಬಿಡುತ್ತವೆ.