ಮೀಟಿಂಗ್ ಮುಗಿಯುವಾಗ ಏನು ತೀರ್ಮಾನ ಆಗಿರಬೇಕು? ಮೊದಲು ಅದನ್ನು ಬರೆಯಿರಿ

"ಭಾನುವಾರ ಬೆಳಿಗ್ಗೆ 10 ಗಂಟೆಗೆ ಕ್ಲಬ್‌ಹೌಸ್‌ನಲ್ಲಿ ಮೀಟಿಂಗ್ ಇದೆ. ಲಿಫ್ಟ್ ವಿಷಯ ಚರ್ಚಿಸಲಾಗುವುದು. ಎಲ್ಲರೂ ತಪ್ಪದೆ ಬನ್ನಿ."

ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಇರುವವರೆಲ್ಲ ಇಂಥ ಮೆಸೇಜು ನೋಡಿಯೇ ಇರುತ್ತೀರಿ. ದಿನ ಇದೆ, ಟೈಮು ಇದೆ, ಜಾಗ ಇದೆ. ಆದರೆ ಲಿಫ್ಟಿನ ಯಾವ ವಿಷಯ? ಪದೇ ಪದೇ ಕೆಟ್ಟು ನಿಲ್ಲುತ್ತಿದೆ ಅಂತಲಾ? ಹೊಸದು ಹಾಕಿಸಬೇಕು ಅಂತಲಾ? ಅಥವಾ ಮೇಂಟೆನೆನ್ಸ್ ಜಾಸ್ತಿ ಮಾಡ್ತಾರಾ? ಓದಿದವರು ತಮಗೆ ತೋಚಿದ್ದನ್ನು ತಲೆಯಲ್ಲಿ ಇಟ್ಟುಕೊಂಡು ಬರುತ್ತಾರೆ. ಗ್ರೌಂಡ್ ಫ್ಲೋರಿನವರು "ನಾವು ಲಿಫ್ಟೇ ಹತ್ತಲ್ಲ, ನಾವ್ಯಾಕೆ ದುಡ್ಡು ಕೊಡಬೇಕು" ಅಂತ ಶುರು ಮಾಡುತ್ತಾರೆ. ಮೇಲಿನ ಮಹಡಿಯವರು ಹೋದ ವಾರ ಕರೆಂಟ್ ಹೋದಾಗ ಒಳಗೆ ಸಿಕ್ಕಿಹಾಕಿಕೊಂಡಿದ್ದನ್ನು ಹೇಳುತ್ತಾರೆ. ಎರಡೂ ನಿಜವಾದ ಮಾತೇ. ಆದರೆ ಅವತ್ತು ತೀರ್ಮಾನ ಆಗಬೇಕಿದ್ದದ್ದು ಲಿಫ್ಟಿನ ಎಎಂಸಿ, ಅಂದರೆ ವರ್ಷದ ಮೇಂಟೆನೆನ್ಸ್ ಕಾಂಟ್ರ್ಯಾಕ್ಟ್ ಬಗ್ಗೆ. ಅದರ ಮಾತು ಬರುವಷ್ಟರಲ್ಲಿ ಅರ್ಧ ಜನ ಎದ್ದು ಹೋಗಿರುತ್ತಾರೆ.

ಬಂದವರಿಗೆ ಶಿಸ್ತಿಲ್ಲ ಅಂತ ಬೈಯುವುದು ಸುಲಭ. ನಾನು ಒಪ್ಪುವುದಿಲ್ಲ. ಕರೆದವರು ಏನಕ್ಕೆ ಕರೆಯುತ್ತಿದ್ದೇವೆ ಅಂತ ಹೇಳಿಲ್ಲದಿದ್ದರೆ ಬಂದವರು ಇನ್ನೇನು ಮಾಡಬೇಕು?

ನನ್ನ ಪ್ರಕಾರ ಮೀಟಿಂಗಿನ ಉದ್ದೇಶವನ್ನು ಒಂದು ಪ್ರಶ್ನೆಯಾಗಿ ಬರೆಯಬೇಕು. "ಲಿಫ್ಟ್ ವಿಷಯ" ಅನ್ನುವುದಕ್ಕೆ ಉತ್ತರ ಇಲ್ಲ, ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು. "ಮುಂದಿನ ವರ್ಷಕ್ಕೆ ಈಗಿನ ನಾನ್-ಕಾಂಪ್ರಹೆನ್ಸಿವ್ ಎಎಂಸಿಯನ್ನೇ ಮುಂದುವರಿಸೋಣವಾ, ಕಾಂಪ್ರಹೆನ್ಸಿವ್‌ಗೆ ಹೋಗೋಣವಾ?" ಅನ್ನುವುದಕ್ಕೆ ಉತ್ತರ ಇದೆ. ಉತ್ತರ ಸಿಕ್ಕಿತು ಅಂದರೆ ಮೀಟಿಂಗ್ ಮುಗಿಯಿತು. ಪ್ರಶ್ನೆ ಬರೆಯಲು ಕೂತಾಗ ಏನೂ ಹೊಳೆಯದಿದ್ದರೆ, ಹೇಳಬೇಕಾಗಿರುವುದು ಬರೀ ಮಾಹಿತಿ ಅಂತ ಅರ್ಥ. ಅದನ್ನು ಗ್ರೂಪಿನಲ್ಲಿ ಬರೆದು ಹಾಕಿದರೆ ಸಾಕು, ಜನರ ಭಾನುವಾರ ಉಳಿಯುತ್ತದೆ.

ಹಾಗಾದರೆ ಮೇಲಿನ ಮೆಸೇಜನ್ನು ನಾನಾದರೆ ಹೇಗೆ ಬರೆಯುತ್ತಿದ್ದೆ? ಎರಡು ಲಿಫ್ಟಿರುವ ಒಂದು ಸಾಧಾರಣ ಅಪಾರ್ಟ್‌ಮೆಂಟು ಅಂದುಕೊಳ್ಳಿ.

"ಎಲ್ಲರಿಗೂ ನಮಸ್ಕಾರ. ನಮ್ಮ ಎರಡು ಲಿಫ್ಟುಗಳ ಎಎಂಸಿ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಈಗಿರುವುದು ನಾನ್-ಕಾಂಪ್ರಹೆನ್ಸಿವ್, ಅಂದರೆ ಸರ್ವೀಸ್ ಮಾತ್ರ ಸೇರಿದೆ, ಬಿಡಿಭಾಗಕ್ಕೆ ಬೇರೆ ದುಡ್ಡು. ಇದನ್ನೇ ಮುಂದುವರಿಸೋಣವಾ ಅಥವಾ ಬಿಡಿಭಾಗವೂ ಸೇರಿದ ಕಾಂಪ್ರಹೆನ್ಸಿವ್ ಮಾಡಿಸೋಣವಾ ಎಂದು ಭಾನುವಾರ ತೀರ್ಮಾನಿಸಬೇಕು. ಬೆಳಿಗ್ಗೆ 10ಕ್ಕೆ ಶುರು, 10:45ಕ್ಕೆ ಮುಗಿಯುತ್ತದೆ, ಕ್ಲಬ್‌ಹೌಸ್‌ನಲ್ಲಿ. ಜೊತೆಗೆ ಕಳಿಸಿರುವ ಒಂದು ಪುಟ ಓದಿಕೊಂಡು ಬನ್ನಿ, ಐದು ನಿಮಿಷ ಸಾಕು. ಎರಡೂ ಕೊಟೇಶನ್ ಮತ್ತು ಕಳೆದ 3 ವರ್ಷದಲ್ಲಿ ಬಿಡಿಭಾಗಕ್ಕೆ ಕೊಟ್ಟ ದುಡ್ಡು ಅದರಲ್ಲಿದೆ. ಬರಲು ಆಗದವರು ನಿಮ್ಮ ಆಯ್ಕೆ ಮತ್ತು ಕಾರಣವನ್ನು ಶನಿವಾರ ರಾತ್ರಿ 8ರೊಳಗೆ ನನಗೆ ಬರೆದು ಕಳಿಸಿ, ಮೀಟಿಂಗಿನಲ್ಲಿ ಓದುತ್ತೇನೆ. ಪಾರ್ಕಿಂಗ್ ವಿಷಯ ಈ ಮೀಟಿಂಗಿನಲ್ಲಿ ಇಲ್ಲ, ಅದಕ್ಕೆ ಬೇರೆ ದಿನ ಸೇರೋಣ."

ಉದ್ದ ಆಯಿತು ಅನ್ನಿಸಬಹುದು. ಆದರೆ ಇದರಲ್ಲಿ ಯಾವ ಸಾಲು ತೆಗೆದರೂ ಒಂದು ಫೋನ್ ಕಾಲ್ ಬರುತ್ತದೆ, ಇಲ್ಲಾ ಮೀಟಿಂಗಿನಲ್ಲಿ ಒಂದು ಜಗಳ ಆಗುತ್ತದೆ.

45 ನಿಮಿಷ ಎಲ್ಲಿಂದ ಬಂತು ಅಂತ ಕೇಳಬಹುದು. ಒಂದು ಗಂಟೆ ಅಂತ ಸುಮ್ನೆ ಬರೆದುಬಿಡುವುದು ಎಲ್ಲರಿಗೂ ಅಭ್ಯಾಸ. ಅದರ ಬದಲು ಕೆಲಸವನ್ನು ಮನಸ್ಸಿನಲ್ಲೇ ಒಮ್ಮೆ ನಡೆಸಿ ನೋಡಬೇಕು. ಎರಡು ಕೊಟೇಶನ್ ವಿವರಿಸಲು 10 ನಿಮಿಷ. ಪ್ರಶ್ನೆ, ಅನುಮಾನ, ವಾದ 25 ನಿಮಿಷ. ಕೈ ಎತ್ತಿಸಿ ಎಣಿಸಿ, ಯಾರು ಯಾವಾಗ ಸಹಿ ಹಾಕಬೇಕು ಅಂತ ಬರೆದುಕೊಳ್ಳಲು 10 ನಿಮಿಷ. ಈ ಲೆಕ್ಕ ಒಂದೂವರೆ ಗಂಟೆ ದಾಟಿದರೆ ಒಂದೇ ಕರೆಯೊಳಗೆ ಎರಡು ಪ್ರಶ್ನೆ ತುರುಕಿದ್ದೇವಾ ಅಂತ ನೋಡಿಕೊಳ್ಳಬೇಕು. ಮುಗಿಯುವ ಟೈಮು ಬರೆದಿದ್ದರೆ ಚಿಕ್ಕ ಮಕ್ಕಳಿರುವವರು, 11 ಗಂಟೆಗೆ ಬೇರೆ ಕೆಲಸ ಇರುವವರು ಕೂಡ ಬರುತ್ತಾರೆ. ಬರೆದಿಲ್ಲದಿದ್ದರೆ ಎಷ್ಟು ಹೊತ್ತಾಗುತ್ತೋ ಅಂತ ಹೆದರಿ ಬರುವುದೇ ಇಲ್ಲ.

ಹೆಚ್ಚು ಎಡವಟ್ಟಾಗುವುದು "ತಯಾರಾಗಿ ಬನ್ನಿ" ಅನ್ನುವ ಮಾತಿನಲ್ಲಿ. ಏನು ತಯಾರಿ ಅಂತ ಹೇಳಿರುವುದಿಲ್ಲ. ಇಲ್ಲಾಂದರೆ ಕೊಟೇಶನ್‌ಗಳ ಇಡೀ ಪಿಡಿಎಫ್ ಹಾಕಿ "ಓದಿಕೊಳ್ಳಿ" ಅಂದಿರುತ್ತಾರೆ. ಫೋನಿನಲ್ಲಿ ಅಷ್ಟು ಪುಟ ಯಾರು ಓದುತ್ತಾರೆ, ಹೇಳಿ. ಕರೆಯುವವರೇ ಕೂತು ಒಂದು ಪುಟಕ್ಕೆ ಇಳಿಸಬೇಕು. ಇಲ್ಲಿ ಒಂದು ಸಣ್ಣ ಸಂಗತಿ ತುಂಬಾ ಮುಖ್ಯ. ಒಬ್ಬರ ಕೊಟೇಶನ್‌ನಲ್ಲಿ 18% ಜಿಎಸ್‌ಟಿ ಸೇರಿರುತ್ತದೆ, ಇನ್ನೊಬ್ಬರದರಲ್ಲಿ ಸೇರಿರುವುದಿಲ್ಲ. 1,10,000 ರೂಪಾಯಿ ಅಂತ ಕಾಣುವುದು ತೆರಿಗೆ ಸೇರಿದಾಗ 1,29,800 ಆಗುತ್ತದೆ. ಇದನ್ನು ಮೊದಲೇ ಒಂದೇ ಅಳತೆಗೆ ತಂದು ಬರೆಯದಿದ್ದರೆ ಮೀಟಿಂಗಿನ ಅರ್ಧ ಹೊತ್ತು ಫೋನಿನ ಕ್ಯಾಲ್ಕುಲೇಟರಿನಲ್ಲೇ ಕಳೆಯುತ್ತದೆ.

ಇನ್ನೊಂದು, ಕಾಂಪ್ರಹೆನ್ಸಿವ್ ಅಂದ ಮಾತ್ರಕ್ಕೆ ಎಲ್ಲವೂ ಸೇರಿರುವುದಿಲ್ಲ. ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇರುತ್ತದೆ. ರೋಪ್, ಮೋಟಾರ್, ಕಂಟ್ರೋಲರ್ ಕಾರ್ಡ್, ಕರೆಂಟ್ ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತರುವ ಎಆರ್‌ಡಿಯ ಬ್ಯಾಟರಿ, ಇವುಗಳಲ್ಲಿ ಯಾವುದು ಸೇರಿದೆ, ಯಾವುದು ಇಲ್ಲ ಅಂತ ಆ ಪುಟದಲ್ಲಿ ಇರಬೇಕು. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದವರ ಪ್ರಶ್ನೆ ಇಲ್ಲೇ ಬರುತ್ತದೆ. ಅವರ ಕಷ್ಟ ಈಗ ವಿಷಯಕ್ಕೆ ಹೊರಗಿನದಲ್ಲ, "ಎಆರ್‌ಡಿ ಬ್ಯಾಟರಿ ಯಾರ ಲೆಕ್ಕ?" ಅಂತ ಅವರು ಸರಿಯಾದ ಜಾಗದಲ್ಲೇ ಕೇಳಬಹುದು. ಒಳ್ಳೆಯ ಕರೆ ಜನರ ಬಾಯಿ ಮುಚ್ಚಿಸುವುದಿಲ್ಲ. ಅವರ ಮಾತಿಗೆ ಒಂದು ಜಾಗ ಮಾಡಿಕೊಡುತ್ತದೆ.

ಎಲ್ಲರಿಂದಲೂ ಒಂದೇ ತಯಾರಿ ಕೇಳಬಾರದು. ಬಿಲ್ಲು ತರಬೇಕಾದ್ದು ಖಜಾಂಚಿ. ಲಿಫ್ಟ್ ಎಷ್ಟು ಸಲ ನಿಂತಿತು ಅನ್ನುವ ರಿಜಿಸ್ಟರ್ ತರಬೇಕಾದ್ದು ಸೂಪರ್‌ವೈಸರ್. ಇವರಿಬ್ಬರಿಗೆ ಬೇರೆಯಾಗಿ, ಹೆಸರು ಹಿಡಿದು ಹೇಳಬೇಕು. "ಸಂಬಂಧಪಟ್ಟವರು ತನ್ನಿ" ಅಂತ ಬರೆದರೆ ಯಾರೂ ತರುವುದಿಲ್ಲ.

ಕಳಿಸುವ ಹೊತ್ತೂ ಅಷ್ಟೇ. ಶನಿವಾರ ರಾತ್ರಿ ಕಳಿಸಿ ಭಾನುವಾರ ಬೆಳಿಗ್ಗೆಗೆ ಓದಿಕೊಂಡು ಬನ್ನಿ ಅನ್ನುವುದು ನ್ಯಾಯ ಅಲ್ಲ. ಇಷ್ಟು ಸಣ್ಣ ವಿಷಯಕ್ಕೂ ನಾಲ್ಕೈದು ದಿನ ಮೊದಲು ಕಳಿಸಬೇಕು, ಹಿಂದಿನ ದಿನ ಒಂದು ಸಾಲಿನಲ್ಲಿ ನೆನಪಿಸಬೇಕು. ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಮೆಸೇಜುಗಳ ಕೆಳಗೆ ಅದು ಮುಚ್ಚಿಹೋಗುತ್ತದೆ, ಹಾಗಾಗಿ ಪಿನ್ ಮಾಡಿ. ವಾಟ್ಸಾಪ್ ನೋಡದ ಹಿರಿಯರಿಗಾಗಿ ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿಗೂ ಒಂದು ಪ್ರಿಂಟ್ ಹಾಕಿ. ಇದು ಮಾಮೂಲಿ ಮೀಟಿಂಗಿನ ಮಾತು. ಜನರಲ್ ಬಾಡಿ ಮೀಟಿಂಗಿಗೆ ಎಷ್ಟು ದಿನದ ನೋಟಿಸ್ ಬೇಕು ಅಂತ ನಿಮ್ಮ ಅಸೋಸಿಯೇಷನ್ನಿನ ಬೈಲಾ ಏನು ಹೇಳುತ್ತದೋ ಅದೇ ನಡೆಯಬೇಕು. ಇನ್ನು ಲಿಫ್ಟು ಇವತ್ತೇ ಕೆಟ್ಟು ನಿಂತು, ಆರನೇ ಮಹಡಿಯ ಅಜ್ಜಿ ಆಸ್ಪತ್ರೆಗೆ ಹೋಗಲಾಗದೆ ಕೂತಿದ್ದರೆ ಈ ಪುಟಗಿಟ ಯಾವುದೂ ಬೇಡ. ಕಮಿಟಿಯವರು ಫೋನಿನಲ್ಲೇ ಮಾತಾಡಿ ರಿಪೇರಿ ಮಾಡಿಸಬೇಕು, ಲೆಕ್ಕ ಆಮೇಲೆ ಹೇಳಬೇಕು.

ಕರೆಯುವವರಷ್ಟೇ ಅಲ್ಲ, ಕರೆಸಿಕೊಳ್ಳುವವರೂ ಇದನ್ನು ಕೇಳಬಹುದು. ಮುಂದಿನ ಸಲ "ಎಲ್ಲರೂ ತಪ್ಪದೆ ಬನ್ನಿ" ಅಂತ ಬಂದಾಗ ಮರ್ಯಾದೆಯಿಂದಲೇ ಕೇಳಿ: "ಸರ್, ಅವತ್ತು ಏನು ತೀರ್ಮಾನ ಆಗಬೇಕು? ಎಷ್ಟು ಹೊತ್ತಿಗೆ ಮುಗಿಯುತ್ತೆ? ನಾವು ಏನಾದ್ರೂ ನೋಡ್ಕೊಂಡು ಬರಬೇಕಾ?" ಗ್ರೂಪಿನಲ್ಲೇ ಕೇಳಿ, ಉತ್ತರ ಎಲ್ಲರಿಗೂ ಸಿಗಲಿ.