ಗೆರೆಗೆ ಹೆಸರು ಬರೆಯದೆ ಲಾಗ್ ಗ್ರಾಫ್ ಗೋಡೆಗೆ ಹಾಕಬೇಡಿ

ಇವತ್ತು ದಾವಣಗೆರೆಯ ಪಿ.ಜೆ. ಬಡಾವಣೆ ಕಡೆ ಒಂದು ಕಾಲೇಜಿನ ವಿಜ್ಞಾನ ಪ್ರದರ್ಶನ ನೋಡಿಕೊಂಡು ಬಂದೆ. ಬಂದಾಗಿಂದ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೀತಿದ್ದೀನಿ. ಕ್ಲಾಸಿನಲ್ಲಿ ಗ್ರಾಫ್ ಪಾಠ ಮಾಡೋನು ನಾನು, ಹಾಗಾಗಿ ಗ್ರಾಫ್ ಕಂಡಲ್ಲಿ ಕಾಲು ನಿಲ್ಲುತ್ತೆ.

ಮಕ್ಕಳು 2020ರ ಕೋವಿಡ್ ಅಂಕಿ ಹಾಕಿದ್ದರು. ದೇಶದ ಒಟ್ಟು ಪ್ರಕರಣ, ಲಾಗ್ ಸ್ಕೇಲಿನಲ್ಲಿ, ಅಂದರೆ ಒಂದೊಂದು ಗೆರೆ ಕೆಳಗಿನದರ ಹತ್ತು ಪಟ್ಟು ಆಗೋ ಅಳತೆಯಲ್ಲಿ. ಆಯ್ಕೆ ಸರಿಯಾಗೇ ಇತ್ತು. ಆದರೆ ಎಡಗಡೆ ಅಕ್ಷದ ಮೇಲೆ ಕಂಪ್ಯೂಟರ್ ಕೊಟ್ಟಿದ್ದನ್ನೇ ಹಾಗೇ ಬಿಟ್ಟಿದ್ದರು: `1E+04`, `1E+05`, `1E+06`. ಪಕ್ಕದಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡೋ ಯಜಮಾನರೊಬ್ಬರು ಮೊಮ್ಮಗಳ ಜೊತೆ ನಿಂತಿದ್ದರು. "ಇವೇನು ನಂಬರಮ್ಮ?" ಅಂತ ಕೇಳಿದರು. ಹತ್ತು ಸಾವಿರ, ಲಕ್ಷ ಅಂತ ಹುಡುಗಿ ಹೇಳಿದಳು. ಅವರು ಎರಡು ಗೆರೆಗಳ ನಟ್ಟನಡುವೆ ಬೆರಳಿಟ್ಟು, "ಹಂಗಾದ್ರೆ ಇದು ಐವತ್ತೈದು ಸಾವಿರ" ಅಂದರು. ಅವರ ಲೆಕ್ಕದಲ್ಲಿ ಏನೂ ತಪ್ಪಿಲ್ಲ, ಮಾಮೂಲಿ ಸ್ಕೇಲಾಗಿದ್ದರೆ ಅದೇ ಉತ್ತರ. ಲಾಗ್ ಸ್ಕೇಲಿನಲ್ಲಿ ಆ ಜಾಗ ಸುಮಾರು 31,600. ಇಲ್ಲಿ ಒಂದೊಂದು ಹೆಜ್ಜೆಯೂ ಕೂಡೋದಲ್ಲ, ಗುಣಿಸೋದು ಅಂತ ಆ ಹಾಳೆಯ ಮೇಲೆ ಯಾರೂ ಬರೆದಿರಲಿಲ್ಲ.

ಲಾಗ್ ಯಾಕೆ ಬೇಕು ಅನ್ನೋದನ್ನ ಇದೇ ಅಂಕಿಯಲ್ಲಿ ನೋಡಿ. ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ ಮಾರ್ಚ್ 15ರ ಹೊತ್ತಿಗೆ ನೂರು ದಾಟಿತು, ಮಾರ್ಚ್ 29ಕ್ಕೆ ಸಾವಿರ, ಏಪ್ರಿಲ್ 14ಕ್ಕೆ ಹತ್ತು ಸಾವಿರ, ಮೇ 19ಕ್ಕೆ ಲಕ್ಷ, ಜುಲೈ 17ಕ್ಕೆ ಹತ್ತು ಲಕ್ಷ, ಡಿಸೆಂಬರ್ 19ಕ್ಕೆ ಕೋಟಿ. ಇದನ್ನ ಒಂದು ಮೀಟರ್ ಎತ್ತರದ ಹಾಳೆಯಲ್ಲಿ ಮಾಮೂಲಿ ಸ್ಕೇಲಿನಲ್ಲಿ ಹಾಕಿದರೆ ಕೋಟಿ ತುದಿಯಲ್ಲಿರುತ್ತೆ, ಲಕ್ಷ ಬುಡದಿಂದ ಒಂದೇ ಸೆಂಟಿಮೀಟರ್ ಮೇಲೆ. ಏಪ್ರಿಲ್ ಮಧ್ಯದ ತನಕದ ಕಥೆಯೆಲ್ಲ ಪೆನ್ನಿನ ಗೆರೆಯಷ್ಟು ಜಾಗದಲ್ಲಿ ಮುಚ್ಚಿಹೋಗುತ್ತೆ. ಆ ವರ್ಷ ನಮ್ಮ ಮನೆಯಲ್ಲಿ ಒಬ್ಬರನ್ನ ಕಳಕೊಂಡಿದ್ದೀವಿ. ಆ ಮೊದಲ ತಿಂಗಳುಗಳು ಕಣ್ಣಿಗೇ ಕಾಣದ ಹಾಗೆ ಬರೆದ ಗ್ರಾಫ್ ನನ್ನಿಂದ ನೋಡೋಕಾಗಲ್ಲ.

ಲಾಗ್ ಸ್ಕೇಲಿನಲ್ಲಿ ನೂರರಿಂದ ಕೋಟಿಗೆ ಐದು ಹೆಜ್ಜೆ, ತಲಾ 20 ಸೆಂಟಿಮೀಟರ್. ಮೊದಲ ಎರಡು ಹೆಜ್ಜೆ ಎರಡೆರಡು ವಾರದಲ್ಲಿ ಮುಗಿದವು, ಮೂರನೇದಕ್ಕೆ ಐದು ವಾರ, ನಾಲ್ಕನೇದಕ್ಕೆ ಎರಡು ತಿಂಗಳು, ಕೊನೇದಕ್ಕೆ ಐದು ತಿಂಗಳು. ಹತ್ತು ಪಟ್ಟಾಗೋಕೆ ಹಿಡಿಯೋ ಕಾಲ ಹೆಚ್ಚುತ್ತಾ ಹೋಯಿತು, ಅದಕ್ಕೇ ಗೆರೆ ಮೇಲೆ ಹೋದಂತೆ ಬಾಗುತ್ತೆ. ಈ ಬಾಗು ನೋಡಿ ಜನ ಮೋಸ ಹೋಗ್ತಾರೆ. ಪ್ರದರ್ಶನದಲ್ಲೂ ಒಬ್ಬರು "ಆಮೇಲೆ ಕಡಿಮೆ ಆಯ್ತಲ್ಲ" ಅಂದರು. ಕಡಿಮೆ ಆಯ್ತು ಅಂತ ಈ ಬಾಗು ಹೇಳಲ್ಲ. ಬುಡದ ಹೆಜ್ಜೆಯಲ್ಲಿ ಸೇರಿದ್ದು 900 ಪ್ರಕರಣ. ಅಷ್ಟೇ ಎತ್ತರದ ತುದಿಯ ಹೆಜ್ಜೆಯಲ್ಲಿ ಸೇರಿದ್ದು 90 ಲಕ್ಷ. ಬಾಗು ಹೇಳೋದು ಗುಣಿಸುವ ವೇಗ ನಿಧಾನವಾಯಿತು ಅಂತ ಮಾತ್ರ.

ಹಾಗಾಗಿ ನನ್ನ ತಕರಾರು ಸ್ಕೇಲಿನ ಮೇಲಲ್ಲ, ಅದಕ್ಕೆ ಬರೆಯೋ ಅಕ್ಷರದ ಮೇಲೆ. ನೂರು, ಸಾವಿರ, ಹತ್ತು ಸಾವಿರ, ಲಕ್ಷ, ಹತ್ತು ಲಕ್ಷ, ಕೋಟಿ ಅಂತ ಒಂದೊಂದು ಗೆರೆಗೂ ಪೂರ್ತಿ ಬರೆಯಿರಿ. ಅಕ್ಷದ ಪಕ್ಕದಲ್ಲೇ "ಒಂದೊಂದು ಗೆರೆ ಕೆಳಗಿನದರ 10 ಪಟ್ಟು" ಅಂತ ದಪ್ಪಕ್ಷರದಲ್ಲಿ ಹಾಕಿ, ಮೂಲೆಯಲ್ಲಿ ಚಿಕ್ಕದಾಗಿ ಬೇಡ. ಆಮೇಲೆ ನಡುವಿನ ಗೆರೆಗಳು. ಲಕ್ಷದಿಂದ ಹತ್ತು ಲಕ್ಷಕ್ಕೆ 20 ಸೆಂಟಿಮೀಟರ್ ಇದ್ದರೆ, ಎರಡು ಲಕ್ಷ 6 ಸೆಂಟಿಮೀಟರಿಗೆ ಬರುತ್ತೆ, ಐದು ಲಕ್ಷ 14ಕ್ಕೆ. ಈ ಎರಡನ್ನ ತೆಳ್ಳಗೆ ಎಳೆದು ಹೆಸರು ಬರೆದರೆ ಸಾಕು. ಐದು ಲಕ್ಷ ಅರ್ಧಕ್ಕಿಂತ ಮೇಲಿರೋದು ಕಂಡ ತಕ್ಷಣ ಯಜಮಾನರ ಬೆರಳು ತಾನೇ ಸರಿ ಜಾಗಕ್ಕೆ ಹೋಗ್ತಿತ್ತು. ನಡುವಿನ ಎಂಟೂ ಗೆರೆಗೂ ನಂಬರ್ ತುರುಕಿದರೆ ಮೇಲಿನವು ಒಂದರ ಮೇಲೊಂದು ಬೀಳುತ್ತವೆ, ಅದು ಬೇಡ.

"ಸಾಮಾನ್ಯ ಜನಕ್ಕೆ ಲಾಗ್ ಅರ್ಥ ಆಗಲ್ಲ ಸಾರ್, ಹಾಕಲೇಬಾರದು" ಅಂತ ಒಬ್ಬ ಸಹೋದ್ಯೋಗಿ ಅಂದರು. ಅವರ ಮಾತಿಗೆ ಆಧಾರ ಇದೆ. 2020ರಲ್ಲಿ ಅಮೆರಿಕದ ಜನರನ್ನ ಕೇಳಿ ಮಾಡಿದ ಒಂದು ಅಧ್ಯಯನದಲ್ಲಿ, ಮಾಮೂಲಿ ಸ್ಕೇಲ್ ನೋಡಿದವರಲ್ಲಿ ಸುಮಾರು 84% ಜನ ಗ್ರಾಫಿನ ಪ್ರಶ್ನೆಗೆ ಸರಿ ಉತ್ತರ ಕೊಟ್ಟರು, ಲಾಗ್ ನೋಡಿದವರಲ್ಲಿ ಸುಮಾರು 41% ಮಾತ್ರ. ಆದರೆ ಇದರಿಂದ ಲಾಗ್ ಬಿಟ್ಟುಬಿಡಿ ಅನ್ನೋ ತೀರ್ಮಾನಕ್ಕೆ ನಾನು ಒಪ್ಪಲ್ಲ. "ಹೋದ ವರ್ಷದ ಎರಡು ಪಟ್ಟು ರೇಟು" ಅಂತ ದಿನಾ ಮಂಡಿಯಲ್ಲಿ ಮಾತಾಡೋರಿಗೆ ಹತ್ತು ಪಟ್ಟು ಅರ್ಥ ಆಗದೇ ಇರುತ್ತಾ? ಅರ್ಥ ಆಗದ್ದು `1E+05`.

ಇನ್ನೊಂದು ಮಾತು. ಲಾಗ್ ಅಕ್ಷಕ್ಕೆ ಸೊನ್ನೆ ಇಲ್ಲ, ಎಷ್ಟು ಕೆಳಗೆ ಹೋದರೂ ಅದು ಸಿಗಲ್ಲ. ಅದಕ್ಕೆ ಬುಡದಲ್ಲಿ "100ರಿಂದ ಶುರು" ಅಂತ ಬರೆಯಿರಿ, ಕಂಬಗಳನ್ನ ನಿಲ್ಲಿಸಬೇಡಿ. ಕಂಬದ ಉದ್ದ ಸೊನ್ನೆಯಿಂದ ಅಳೆದಿದ್ದು ಅಂತ ಕಣ್ಣು ನಂಬುತ್ತೆ. ಇಲ್ಲಿ ಬುಡವನ್ನ ನೂರರ ಬದಲು ಹತ್ತಕ್ಕೆ ಇಳಿಸಿದರೆ ಎಲ್ಲಾ ಕಂಬವೂ ಒಂದೊಂದು ಹೆಜ್ಜೆ ಉದ್ದ ಆಗಿಬಿಡುತ್ತೆ, ಅಂಕಿ ಅದೇ ಇದ್ದರೂ. ಚುಕ್ಕಿ ಇಟ್ಟು ಗೆರೆ ಎಳೆಯಿರಿ, ಒಂದೊಂದು ಚುಕ್ಕಿಯ ಪಕ್ಕ ತಾರೀಖು ಬರೆಯಿರಿ.