ಟೈಟಲ್‌ನ ಮೊದಲ ನಾಲ್ಕು ಪದ, ಡಿಸ್ಕ್ರಿಪ್ಷನ್‌ನ ಮೊದಲ ಎರಡು ಸಾಲು

ತೀರ್ಥಹಳ್ಳಿ ಕಡೆ ಇರುವ ನಮ್ಮ ಭಾವ ಅಡಿಕೆ ತೋಟದ ಬಗ್ಗೆ ಒಂದು ಯೂಟ್ಯೂಬ್ ಚಾನೆಲ್ ನಡೆಸುತ್ತಾರೆ. ಮಳೆ ಹಿಡಿಯುವ ಮುಂಚೆ, ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಮಾಡುವುದನ್ನು ತೋರಿಸಿ ಒಂದು ವಿಡಿಯೋ ಹಾಕಿದ್ದರು. ಅಳತೆ ಸರಿ ಇತ್ತು, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುವುದು ಹತ್ತಿರದಿಂದ ಕಾಣುತ್ತಿತ್ತು, ಕಬ್ಬಿಣದ ಪಾತ್ರೆ ಯಾಕೆ ಬೇಡ ಅಂತಲೂ ಹೇಳಿದ್ದರು. ಆದರೆ ನೋಡಿದವರು ಊರಿನವರು, ನೆಂಟರು ಅಷ್ಟೇ. ಯಾಕೆ ಅಂತ ಟೈಟಲ್ ನೋಡಿದ ಕೂಡಲೇ ಗೊತ್ತಾಯಿತು:

"ನಮಸ್ಕಾರ ರೈತ ಬಾಂಧವರೇ, ಇಂದಿನ ಸಂಚಿಕೆಯಲ್ಲಿ ಒಂದು ಮುಖ್ಯ ಮಾಹಿತಿ | ಭಾಗ 12"

ಇದರಲ್ಲಿ ಅಡಿಕೆ ಇಲ್ಲ, ಕೊಳೆ ಇಲ್ಲ, ಬೋರ್ಡೋ ಇಲ್ಲ. ಡಿಸ್ಕ್ರಿಪ್ಷನ್ ಕೂಡ "ನಮ್ಮ ಚಾನೆಲ್‌ಗೆ ಸ್ವಾಗತ, ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ" ಅಂತ ಶುರುವಾಗಿ, ಆಮೇಲೆ ನಾಲ್ಕು ಲಿಂಕು. ವಿಡಿಯೋ ಯಾವುದರ ಬಗ್ಗೆ ಅನ್ನೋದು ಎಂಟನೇ ಸಾಲಿನಲ್ಲಿ ಬರುತ್ತಿತ್ತು.

ನಮ್ಮ ಕನ್ನಡದ ಎಷ್ಟೋ ಒಳ್ಳೆಯ ಚಾನೆಲ್‌ಗಳಲ್ಲಿ ಇದೇ ಕಥೆ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ನಮಸ್ಕಾರ ಹೇಳುವುದು ಒಳ್ಳೆಯದೇ, ಅದನ್ನು ವಿಡಿಯೋದಲ್ಲಿ ಹೇಳಿ. ಟೈಟಲ್‌ನಲ್ಲಿ ಅದಕ್ಕೆ ಜಾಗ ಇಲ್ಲ.

ಜಾಗದ ಲೆಕ್ಕ ಕನ್ನಡದಲ್ಲಿ ಬರೆಯುವವರಿಗೆ ಸ್ವಲ್ಪ ಬೇರೆ. ಯೂಟ್ಯೂಬ್ ಟೈಟಲ್‌ಗೆ ಕೊಡೋದು 100 ಅಕ್ಷರ. ಆದರೆ ಅದು ಎಣಿಸುವ ರೀತಿ ನಮ್ಮ ಹಾಗಲ್ಲ. "ದ್ರಾವಣ" ನಮ್ಮ ಕಣ್ಣಿಗೆ ಮೂರೇ ಅಕ್ಷರ, ಅದರ ಲೆಕ್ಕದಲ್ಲಿ ಆರು. ದ ಒಂದು, ಒತ್ತು ಕೊಡುವ ಚಿಹ್ನೆ ಒಂದು, ರ ಒಂದು, ದೀರ್ಘ ಒಂದು, ವ ಒಂದು, ಣ ಒಂದು. ಹಾಗಾಗಿ 100 ಅನ್ನೋದು ಬೇಗ ಮುಗಿಯುತ್ತದೆ. ಅದಕ್ಕಿಂತ ದೊಡ್ಡ ವಿಷಯ ಏನಂದರೆ, ಫೋನಿನಲ್ಲಿ ಹುಡುಕಿದಾಗ ಟೈಟಲ್ ಎರಡು ಸಾಲು ಕಂಡು ಉಳಿದದ್ದು ಚುಕ್ಕಿ ಚುಕ್ಕಿ ಆಗಿಬಿಡುತ್ತದೆ. ಬೆರಳು ಓಡಿಸುತ್ತಾ ಹೋಗುವವರು ಆ ಎರಡು ಸಾಲನ್ನೂ ಪೂರ್ತಿ ಓದಲ್ಲ. ಮೊದಲ ಮೂರು ನಾಲ್ಕು ಪದದಲ್ಲಿ ತಮ್ಮ ಪ್ರಶ್ನೆ ಕಾಣದಿದ್ದರೆ ಮುಂದಕ್ಕೆ ಹೋಗುತ್ತಾರೆ.

ಭಾವನ ಮನೆಯ ಜಗಲಿಯಲ್ಲಿ ಕೂತು ಮೊದಲು ಮಾಡಿದ್ದು ಪದ ಹುಡುಕುವ ಕೆಲಸ. ಫೋನಿನಲ್ಲಿ ಯೂಟ್ಯೂಬನ್ನು ಇನ್‌ಕಾಗ್ನಿಟೋದಲ್ಲಿ ತೆರೆದೆವು. ಇಲ್ಲದಿದ್ದರೆ ನಾವು ಮೊದಲು ನೋಡಿದ್ದಕ್ಕೆ ತಕ್ಕ ಹಾಗೆ ಅದು ತೋರಿಸುತ್ತದೆ. ಹುಡುಕುವ ಜಾಗದಲ್ಲಿ ನಿಧಾನಕ್ಕೆ ಟೈಪ್ ಮಾಡುತ್ತಾ ಕೆಳಗೆ ಬರುವ ಸಲಹೆಗಳನ್ನು ಬರೆದುಕೊಂಡೆವು. ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ bordo ಅಂತ. Bordeaux ಅನ್ನೋ ಸರಿಯಾದ ಫ್ರೆಂಚ್ ಸ್ಪೆಲ್ಲಿಂಗ್ ತೋಟದಲ್ಲಿ ನಿಂತು ಯಾರು ಟೈಪ್ ಮಾಡುತ್ತಾರೆ ಹೇಳಿ? ಆಮೇಲೆ ಊರಿನ ವಾಟ್ಸಾಪ್ ಗ್ರೂಪ್ ತೆಗೆದು, ಕಳೆದ ಮಳೆಗಾಲದಲ್ಲಿ ಜನ ಏನು ಕೇಳಿದ್ದರು ಅಂತ ನೋಡಿದೆವು. "ಸುಣ್ಣ ಎಷ್ಟು ಹಾಕೋದು", "ಸುಣ್ಣ ಸಾಕಾ ಅಂತ ಹೇಗೆ ಗೊತ್ತಾಗುತ್ತೆ". ಇವೇ ಪ್ರಶ್ನೆಗಳು ಮತ್ತೆ ಮತ್ತೆ ಬಂದಿದ್ದವು.

ಕೀವರ್ಡ್ ಸಿಕ್ಕಿತು, ಬೋರ್ಡೋ ದ್ರಾವಣ. ಇನ್ನು ಹುಕ್ ಬೇಕಿತ್ತು, ಅಂದರೆ ಓದಿದವರು ಒಂದು ಕ್ಷಣ ನಿಲ್ಲುವಂಥ ಮಾತು. "ಶಾಕಿಂಗ್", "ನೀವು ಬೆಚ್ಚಿ ಬೀಳ್ತೀರಾ" ಥರದ್ದು ನನಗೆ ಸುತರಾಂ ಇಷ್ಟವಿಲ್ಲ. ಹುಕ್ ವಿಡಿಯೋದ ಒಳಗೇ ಇರುತ್ತದೆ, ಅದನ್ನು ಹುಡುಕಿ ಹೊರಗೆ ತರಬೇಕು ಅಷ್ಟೇ. ವಿಡಿಯೋದ ನಾಲ್ಕನೇ ನಿಮಿಷದ ಹತ್ತಿರ ಭಾವ ಉಜ್ಜಿ ಹೊಳೆಯುವ ಹಾಗೆ ಮಾಡಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ಎತ್ತುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿರುತ್ತದೆ. ಹಾಗಾದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು ಅಂತ ಲೆಕ್ಕ. ನಾನು ಅಲ್ಲೇ ವಿಡಿಯೋ ನಿಲ್ಲಿಸಿ, "ಭಾವ, ಇದನ್ನು ಯಾಕೆ ಟೈಟಲ್‌ನಲ್ಲಿ ಹಾಕಿಲ್ಲ?" ಅಂದೆ. "ಅದು ಎಲ್ಲರಿಗೂ ಗೊತ್ತಿರೋದೇ ಅಲ್ವಾ ಮಾರಾಯಾ" ಅಂದರು. ಎಲ್ಲರಿಗೂ ಗೊತ್ತಿದ್ದರೆ ಗ್ರೂಪ್‌ನಲ್ಲಿ ಅಷ್ಟು ಜನ ಕೇಳುತ್ತಿರಲಿಲ್ಲ.

ಹೊಸ ಟೈಟಲ್: "ಬೋರ್ಡೋ ದ್ರಾವಣ: ಕತ್ತಿ ಕೆಂಪಾದರೆ ಸುಣ್ಣ ಸಾಲದು | ಅಡಿಕೆ ಕೊಳೆ ರೋಗ"

ಹುಡುಕುವ ಪದ ಮೊದಲು, ನಿಲ್ಲಿಸುವ ಮಾತು ಅದರ ಬೆನ್ನಿಗೆ. ಕೊನೆಯದು ಚುಕ್ಕಿಯಲ್ಲಿ ಹೋದರೂ ನಷ್ಟವಿಲ್ಲ. ಭಾಗ 12 ಅನ್ನೋದನ್ನು ತೆಗೆದೇಬಿಟ್ಟೆವು. ಹೊಸಬರಿಗೆ ಅದು "ಹಿಂದಿನ ಹನ್ನೊಂದು ನೋಡದೆ ಅರ್ಥವಾಗಲ್ಲ" ಅನ್ನಿಸುತ್ತದೆ.

ಡಿಸ್ಕ್ರಿಪ್ಷನ್‌ಗೆ 5000 ಅಕ್ಷರ ಜಾಗ ಇದೆ, ಆದರೆ ಕೆಲಸ ಮಾಡೋದು ಮೊದಲ ಎರಡು ಸಾಲು. ಕಂಪ್ಯೂಟರಿನಲ್ಲಿ ಹುಡುಕಿದಾಗ ಟೈಟಲ್ ಕೆಳಗೆ ಕಾಣುವುದು ಹೆಚ್ಚಾಗಿ ಅದೇ. ನಮ್ಮ ರೈತರು ವಿಡಿಯೋ ಹಂಚುವುದು ಜಾಸ್ತಿ ವಾಟ್ಸಾಪ್‌ನಲ್ಲಿ. ಲಿಂಕ್ ಹಾಕಿದಾಗ ಚಿಕ್ಕ ಚಿತ್ರದ ಜೊತೆ ಟೈಟಲ್, ಅದರ ಕೆಳಗೆ ಡಿಸ್ಕ್ರಿಪ್ಷನ್‌ನ ಶುರುವಿನ ತುಣುಕು ಬರುತ್ತದೆ. ಅಲ್ಲಿ "ಬೆಲ್ ಒತ್ತಿ" ಅಂತ ಇದ್ದರೆ ಯಾರು ಒತ್ತುತ್ತಾರೆ? ನಾವು ಹೀಗೆ ಬರೆದೆವು:

"ಅಡಿಕೆ ಕೊಳೆ ರೋಗಕ್ಕೆ 100 ಲೀಟರ್ ಬೋರ್ಡೋ ದ್ರಾವಣ: 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ಸುಣ್ಣ ಸಾಕಾ ಅಂತ ಕತ್ತಿ ಅದ್ದಿ ನೋಡುವ ವಿಧಾನ 3:40ರಲ್ಲಿದೆ."

ಅಳತೆಯನ್ನು ಅಲ್ಲೇ ಕೊಟ್ಟರೆ ವಿಡಿಯೋ ಯಾಕೆ ನೋಡುತ್ತಾರೆ ಅಂತ ಭಾವ ಕೇಳಿದರು. ನನ್ನ ಪ್ರಕಾರ ಅಳತೆಯನ್ನು ಬಚ್ಚಿಡಬಾರದು. ಅಳತೆ ಓದಿ ತಿಳಿಯುವ ವಿಷಯ, ಕತ್ತಿ ಕೆಂಪಾಗುವುದು ಕಣ್ಣಾರೆ ನೋಡಬೇಕಾದ್ದು. ಮೊದಲನೆಯದನ್ನು ಕೊಟ್ಟರೆ ಎರಡನೆಯದನ್ನು ನಂಬಿ ಒಳಗೆ ಬರುತ್ತಾರೆ.

ಮೂರನೇ ಸಾಲಿನಿಂದ ಬೇರೆ ಹೆಸರುಗಳು. ಕೆಲವು ಕಡೆ ಈ ರೋಗಕ್ಕೆ ಮಹಾಳಿ ಅನ್ನುತ್ತಾರೆ, ಮೈಲುತುತ್ತಿಗೆ ಬರೀ ತುತ್ತ ಅನ್ನುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ adike kole roga ಅಂತ ಹುಡುಕುವವರೂ ಇದ್ದಾರೆ. ಇವನ್ನೆಲ್ಲ ಸಾಮಾನ್ಯ ವಾಕ್ಯದೊಳಗೆ ಒಂದೊಂದು ಸಲ ತನ್ನಿ, ಸಾಕು. ಕೆಳಗೆ ಐವತ್ತು ಪದ ಕಾಮಾ ಹಾಕಿ ಸುರಿಯುವುದು ಯೂಟ್ಯೂಬ್ ನಿಯಮಕ್ಕೇ ವಿರುದ್ಧ. ಟ್ಯಾಗ್ ಅಂತ ಬೇರೆ ಜಾಗ ಇದೆ, ಅದರಿಂದ ಹೆಚ್ಚೇನೂ ಆಗಲ್ಲ, ತಪ್ಪು ಸ್ಪೆಲ್ಲಿಂಗ್ ಹಾಕೋಕೆ ಅದು ಸರಿ.

ಬದಲಾಯಿಸಿದ ಮೇಲೆ ದಿನಾ ಮತ್ತೆ ಮತ್ತೆ ತಿದ್ದಬೇಡಿ, ಕೆಲವು ವಾರ ಬಿಡಿ. ಆಮೇಲೆ ಯೂಟ್ಯೂಬ್ ಸ್ಟುಡಿಯೋದಲ್ಲಿ ಹೋಗಿ ನೋಡಿ. ಇಂಪ್ರೆಷನ್ಸ್, ಅಂದರೆ ಜನರ ಮುಂದೆ ಥಂಬ್‌ನೇಲ್ ಬಂದದ್ದೇ ಕಡಿಮೆ ಇದ್ದರೆ ಮೊದಲು ಪದದ ಮೇಲೆ ಅನುಮಾನ ಪಡಿ. ಮುಂದೆ ಬಂದರೂ ಒತ್ತುತ್ತಿಲ್ಲ ಅಂದರೆ ಟೈಟಲ್ ಅಥವಾ ಥಂಬ್‌ನೇಲ್‌ನಲ್ಲಿ ಏನೋ ಸರಿ ಇಲ್ಲ. ಅರ್ಧದಷ್ಟು ಚಾನೆಲ್‌ಗಳಲ್ಲಿ ಒತ್ತುವವರ ಪ್ರಮಾಣ ಶೇಕಡಾ 2ರಿಂದ 10ರ ನಡುವೆ ಇರುತ್ತದೆ ಅಂತ ಯೂಟ್ಯೂಬ್ ಹೇಳುತ್ತದೆ, ಹಾಗಾಗಿ 4 ಕಂಡರೆ ಗಾಬರಿ ಬೇಡ. ತುಂಬಾ ಜನ ಒತ್ತಿ ಮೊದಲ ಮೂವತ್ತು ಸೆಕೆಂಡಿನಲ್ಲೇ ಹೊರಗೆ ಹೋಗುತ್ತಿದ್ದರೆ, ಟೈಟಲ್‌ನಲ್ಲಿ ಹೇಳಿದ್ದು ಅವರಿಗೆ ಒಳಗೆ ಸಿಗುತ್ತಿಲ್ಲ. ಭಾವನ ವಿಡಿಯೋದಲ್ಲೂ ಹೀಗೇ ಆಯಿತು. ಜನ ಕತ್ತಿ ನೋಡಲು ಬಂದರು, ಎರಡು ನಿಮಿಷ ನಮಸ್ಕಾರ ಮತ್ತು ತೋಟದ ಇತಿಹಾಸ ನಡೆಯಿತು, ಎಷ್ಟು ಜನ ನೋಡುತ್ತಾ ಉಳಿದರು ಅಂತ ಸ್ಟುಡಿಯೋದಲ್ಲಿ ತೋರಿಸುವ ಗೆರೆ ಕೆಳಗೆ ಇಳಿಯಿತು. ಸ್ಟುಡಿಯೋದ ಎಡಿಟರ್‌ನಲ್ಲೇ ಆ ಎರಡು ನಿಮಿಷ ಕತ್ತರಿಸಿದೆವು. ಡಿಸ್ಕ್ರಿಪ್ಷನ್‌ನ 3:40 ಅನ್ನು 1:40 ಮಾಡೋದು ಮರೆಯಲಿಲ್ಲ.

ಇದೆಲ್ಲ ಹುಡುಕಿ ಬರುವ ವಿಡಿಯೋಗಳ ಮಾತು. ಮದುವೆ ವ್ಲಾಗ್, ಹರಟೆ ಇಂಥವು ಜನರಿಗೆ ಸಿಗೋದು ಹೆಚ್ಚಾಗಿ ಹೋಮ್ ಪೇಜ್‌ನಲ್ಲಿ. ಅಲ್ಲಿ ಕೀವರ್ಡ್‌ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮೊನ್ನೆ ಭಾವ ಎರಡನೇ ಸುತ್ತಿನ ಸಿಂಪಡಣೆಯ ವಿಡಿಯೋಗೆ ಟೈಟಲ್ ಕಳಿಸಿದ್ದರು. ಶೂಟಿಂಗ್ ಇನ್ನೂ ಆಗಿಲ್ಲ. "40 ದಿನ ಆಯ್ತು, ಮಳೆ ಬಿಡ್ತಿಲ್ಲ: ಅಡಿಕೆಗೆ ಎರಡನೇ ಬೋರ್ಡೋ ಯಾವಾಗ?" ನಾನು "ಅಡಿಕೆಗೆ ಎರಡನೇ ಬೋರ್ಡೋ" ಅನ್ನೋದನ್ನು ಮುಂದಕ್ಕೆ ತಂದು ವಾಪಸ್ ಕಳಿಸಿದೆ.